ಫೆಬ್ರವರಿ 29ರ ಲೆಕ್ಕ: ಸಂಬಳವನ್ನು ಎಷ್ಟರಿಂದ ಭಾಗಿಸಬೇಕು?

2024ರ ಫೆಬ್ರವರಿ 29 ಗುರುವಾರ ಬಂತು. ಅರಕಲಗೂಡು ಕಡೆ ಹೊಲದಲ್ಲಿ ದಿನಗೂಲಿ ಮಾಡಿದವರಿಗೆ ಅವತ್ತಿನ ಕೂಲಿ ಸಿಕ್ಕಿತು. ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸಲ್ಲಿ ಹೋಗಿ ತಿಂಗಳ ಸಂಬಳಕ್ಕೆ ದುಡಿಯುವವರೂ ಅವತ್ತು ದುಡಿದರು. ಆದರೆ ಅವರ ಸಂಬಳ 28 ದಿನದ ಫೆಬ್ರವರಿಯಲ್ಲಿ ಬರೋವಷ್ಟೇ.

ಹಾಗಾದ್ರೆ ನಷ್ಟ ಎಷ್ಟು? ತಿಂಗಳಿಗೆ 18,000 ರೂಪಾಯಿ ಸಂಬಳ ಅಂದುಕೊಳ್ಳಿ. ವರ್ಷಕ್ಕೆ 2,16,000. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ 591.78, 366ರಿಂದ ಭಾಗಿಸಿದರೆ 590.16. ವ್ಯತ್ಯಾಸ 1 ರೂಪಾಯಿ 62 ಪೈಸೆ. ಇದಕ್ಕಾಗಿ ಯಾರೂ ಬೀದಿಗಿಳಿಯಲ್ಲ, ಇಳಿಯಬೇಕಾಗಿಯೂ ಇಲ್ಲ. ನನ್ನ ತಕರಾರು ಬೇರೆ. ಭಾಗಿಸುವ ಸಂಖ್ಯೆಯನ್ನು ಮಾಲೀಕರೇ ಆರಿಸುತ್ತಾರೆ, ಒಂದೊಂದು ಸಲ ಒಂದೊಂದನ್ನು ಆರಿಸುತ್ತಾರೆ. ದುಡ್ಡು ಸೋರುವುದು ಅಲ್ಲಿ.

ಇದೇ 18,000 ಸಂಬಳಕ್ಕೆ ಒಬ್ಬರು 2024ರ ಫೆಬ್ರವರಿ 15ರಂದು ಕೆಲಸಕ್ಕೆ ಸೇರಿದರು ಅಂತಿಟ್ಟುಕೊಳ್ಳಿ. ಕಂಪನಿ ಎಲ್ಲ ತಿಂಗಳಿಗೂ 30 ದಿನ ಅಂತಲೇ ಲೆಕ್ಕ ಹಾಕುತ್ತದೆ, ಅಂದರೆ ದಿನಕ್ಕೆ 600. 15ರಿಂದ 29ರವರೆಗೆ 15 ದಿನ, ಕೈಗೆ ಬರೋದು 9,000. ಅದನ್ನೇ ಇನ್ನೊಂದು ದಾರಿಯಲ್ಲಿ ನೋಡಿ: ಸೇರುವ ಮುಂಚಿನ 14 ದಿನಕ್ಕೆ 8,400 ಕಳೆದರೆ 9,600 ಉಳಿಯಬೇಕು. ಅದೇ ವ್ಯಕ್ತಿ, ಅದೇ ದಿನಗಳು, 600 ರೂಪಾಯಿ ಮಾಯ. 28 ದಿನದ ಫೆಬ್ರವರಿಯಾದರೆ ಮಾಯವಾಗೋದು 1,200. ಆ ತಿಂಗಳಲ್ಲಿ ನಿಜವಾಗಿ ಇದ್ದ 29 ದಿನದಿಂದ ಭಾಗಿಸಿದರೆ 9,310.34 ಬರುತ್ತದೆ, ಯಾವ ದಾರಿಯಲ್ಲಿ ಹೋದರೂ ಅಷ್ಟೇ. ಪರೀಕ್ಷೆ ಸುಲಭ: ಕೊಟ್ಟ ದಿನಗಳ ಹಣ ಮತ್ತು ಕಡಿತವಾದ ದಿನಗಳ ಹಣ ಕೂಡಿಸಿ. ಪೂರ್ತಿ ಸಂಬಳ ಬರದಿದ್ದರೆ ಲೆಕ್ಕ ತಪ್ಪಿದೆ.

ಕಾನೂನು ಇಲ್ಲಿ ಸುಮ್ಮನಿಲ್ಲ. 1936ರ ವೇತನ ಪಾವತಿ ಕಾಯ್ದೆ ಪ್ರಕಾರ ವೇತನದ ಅವಧಿ ಒಂದು ತಿಂಗಳಿಗಿಂತ ಹೆಚ್ಚಿರುವಂತಿರಲಿಲ್ಲ. ಅದರ 9ನೇ ಸೆಕ್ಷನ್ ಗೈರುಹಾಜರಿಯ ಕಡಿತಕ್ಕೆ ಮಿತಿ ಹಾಕಿತು: ಆ ಅವಧಿಯಲ್ಲಿ ನೀವು ಕೆಲಸ ಮಾಡಬೇಕಿದ್ದ ಒಟ್ಟು ಸಮಯದಲ್ಲಿ ಎಷ್ಟು ಪಾಲು ಗೈರಾದಿರೋ, ಸಂಬಳದಲ್ಲಿ ಅಷ್ಟೇ ಪಾಲು ಹಿಡಿಯಬಹುದು. 2019ರ ವೇತನ ಸಂಹಿತೆಯಲ್ಲೂ ಇದೇ ತತ್ವ ಇದೆ. ಭಾನುವಾರ ಮಾತ್ರ ರಜೆ ಇರುವ ಕಡೆ 2023ರ ಫೆಬ್ರವರಿಯಲ್ಲಿ 24 ಕೆಲಸದ ದಿನ, ಆದ್ದರಿಂದ ಒಂದು ದಿನದ ಗೈರಿಗೆ ಹೆಚ್ಚೆಂದರೆ 750 ರೂಪಾಯಿ. 2024ರಲ್ಲಿ 25 ದಿನ, ಹಾಗಾಗಿ 720. ಅಧಿಕ ವರ್ಷ ಬಂದರೂ 750 ಹಿಡಿದರೆ ಅದು ಮಿತಿ ಮೀರಿದ ಕಡಿತ.

ಒಂದು ವಿಷಯ ಗಮನಿಸಿ. ಸಂಬಳ ಹಿಡಿಯುವಾಗ ಭಾಜಕ ದೊಡ್ಡದಿದ್ದಷ್ಟೂ ಕಾರ್ಮಿಕರಿಗೆ ಒಳ್ಳೇದು. ಹಣ ಕೊಡುವಾಗ ಉಲ್ಟಾ. ಗ್ರಾಚ್ಯುಟಿಯಲ್ಲಿ ಈ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ವರ್ಷಕ್ಕೆ 15 ದಿನದ ವೇತನ ಅಂದರೆ ತಿಂಗಳ ಸಂಬಳವನ್ನು 30ರಿಂದ ಭಾಗಿಸಬೇಕೋ, 26ರಿಂದಲೋ? 1984ರ ಜೀವನಲಾಲ್ ಪ್ರಕರಣದಲ್ಲಿ ಕೋರ್ಟ್ 26 ಎಂದಿತು, 1987ರಲ್ಲಿ ಅದು ಕಾಯ್ದೆಯೊಳಗೇ ಸೇರಿತು. ನಮ್ಮ 18,000ದ ಉದಾಹರಣೆಯಲ್ಲಿ 30 ಆದರೆ 9,000, 26 ಆದರೆ 10,384.62. ಸೇವೆಯ ಪ್ರತಿ ವರ್ಷಕ್ಕೂ ಸುಮಾರು 1,385 ರೂಪಾಯಿ ವ್ಯತ್ಯಾಸ. ಇಲ್ಲಿ ಫೆಬ್ರವರಿಗೆ 28 ದಿನವೋ 29 ದಿನವೋ ಅನ್ನೋ ಪ್ರಶ್ನೆಯೇ ಏಳಲ್ಲ.

ವಾರ್ಷಿಕ ಸಂಬಳದ ಜಗಳ ಬ್ರಿಟನ್ನಿನಲ್ಲೂ ನಡೆದಿದೆ. ಒಂದು ದಿನ ಮುಷ್ಕರ ಮಾಡಿದ ಕಾಲೇಜು ಶಿಕ್ಷಕರಿಂದ ಆಡಳಿತ ವರ್ಷದ ಸಂಬಳದ 260ರಲ್ಲಿ ಒಂದು ಪಾಲು ಹಿಡಿಯಿತು. 260 ಅಂದರೆ ವಾರಕ್ಕೆ ಐದರಂತೆ ವರ್ಷದ ಕೆಲಸದ ದಿನಗಳು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಿಡಿಯಬೇಕಾದ್ದು 365ರಲ್ಲಿ ಒಂದು ಪಾಲು ಎಂದಿತು. ಶಿಕ್ಷಕರ ಕೆಲಸ ತರಗತಿಯ ಗಂಟೆಗೆ ಮುಗಿಯೋದಿಲ್ಲ, ಸಂಜೆ, ವಾರಾಂತ್ಯ, ರಜೆಯಲ್ಲೂ ನಡೆಯುತ್ತದೆ ಎಂಬುದು ಆ ತೀರ್ಪಿನ ಹಿಂದಿದ್ದ ತರ್ಕ. 260 ಮತ್ತು 365ರ ನಡುವಿನ ಅಂತರದ ಮುಂದೆ 365 ಮತ್ತು 366ರದ್ದು ಏನೂ ಅಲ್ಲ.

ಆದ್ದರಿಂದ ನಾನು ಕೇಳುವುದು ಹೆಚ್ಚುವರಿ ದಿನದ ಸಂಬಳವನ್ನಲ್ಲ. ನೇಮಕಾತಿ ಪತ್ರದಲ್ಲಿ ಭಾಜಕ ಬರೆದಿರಲಿ. ತಿಂಗಳ ಲೆಕ್ಕದಲ್ಲಿ ಹಿಡಿಯುವಾಗ ಒಂದು, ಕೊಡುವಾಗ ಇನ್ನೊಂದು ಬೇಡ. ಮುಂದಿನ ಫೆಬ್ರವರಿ 29 ಬರೋದು 2028ರಲ್ಲಿ, ಮಂಗಳವಾರ. ಅಷ್ಟರವರೆಗೆ ಕಾಯೋದು ಬೇಡ, ಈ ತಿಂಗಳ ಪೇ ಸ್ಲಿಪ್ ತೆಗೆದು ಭಾಗಿಸಿ ನೋಡಿ.