ಇಬ್ಬರೋ, ಮೂವರೋ?

ಜಪಾನಿನ ಲೇತ್ ಯಂತ್ರವೊಂದು ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಬಂದಿಳಿಯಿತೆನ್ನಿ. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆ. ಅದೂ ಮೂಲವಲ್ಲ, ಜಪಾನೀ ಭಾಷೆಯಿಂದ ಅನುವಾದವಾದದ್ದು. ಯಂತ್ರ ನಡೆಸುವ ಕೆಲಸಗಾರನಿಗೆ ಅರ್ಥವಾಗಬೇಕಾದರೆ ಅದು ಮತ್ತೊಮ್ಮೆ ಕನ್ನಡಕ್ಕೆ ಬರಬೇಕು.

ವಿಚಿತ್ರವೆಂದರೆ, ಈ ಎರಡು ತುದಿಯ ಭಾಷೆಗಳ ವಾಕ್ಯರಚನೆಯಲ್ಲಿ ಬಹಳ ಹೋಲಿಕೆಯಿದೆ. 'ಶುಜಿಕು ಗ ತೇಶಿ ಶಿತೆ ಕರ, ಬೊರುತೊ ಒ ಯುರುಮೆರು' ಎಂಬ ಜಪಾನೀ ವಾಕ್ಯವನ್ನು 'ಸ್ಪಿಂಡಲ್ ನಿಂತ ಮೇಲೆ ಬೋಲ್ಟನ್ನು ಸಡಿಲಿಸುವುದು' ಎಂದು ಅದೇ ಕ್ರಮದಲ್ಲಿ ಕನ್ನಡಕ್ಕೆ ತರಬಹುದು. ಮೊದಲು ಮಾಡಬೇಕಾದದ್ದು ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಇದು ಅನೇಕ ವೇಳೆ ತಿರುವುಮುರುವಾಗಿ, ಬೋಲ್ಟ್ ಸಡಿಲಿಸುವ ಮಾತು ಮೊದಲು, ಸ್ಪಿಂಡಲ್ ನಿಲ್ಲಬೇಕೆಂಬ ಷರತ್ತು ಆಮೇಲೆ ಬರುತ್ತದೆ. ಕನ್ನಡದವರು ಅದೇ ಕ್ರಮ ಹಿಡಿದು ಎರಡು ವಾಕ್ಯ ಮಾಡಿದರೆ, ಸ್ಪ್ಯಾನರ್ ಕೈಯಲ್ಲಿ ಹಿಡಿದವನು ಮೊದಲ ವಾಕ್ಯ ಓದಿದೊಡನೆ ಕೆಲಸಕ್ಕೆ ಕೈಹಾಕಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು 'ಇಜೋ' ಎಂಬ ಪದದ ತೊಡಕು. ಸಂಖ್ಯೆಯ ಮುಂದೆ ಬಂದಾಗ 'ಅಷ್ಟು ಅಥವಾ ಅದಕ್ಕಿಂತ ಹೆಚ್ಚು' ಎಂದು ಇದರ ಅರ್ಥ. ಹೇಳಿದ ಸಂಖ್ಯೆಯೂ ಲೆಕ್ಕಕ್ಕೆ ಸೇರುತ್ತದೆ. ಭಾರವಾದ ಚಕ್ ಅನ್ನು 'ಫುತಾರಿ ಇಜೋ' ಎತ್ತಬೇಕು ಎಂದರೆ ಕನಿಷ್ಠ ಇಬ್ಬರು ಸೇರಿ ಎತ್ತಬೇಕು ಎಂದರ್ಥ. ಅವಸರದ ಅನುವಾದಕ ಇದನ್ನು 'ಮೋರ್ ದ್ಯಾನ್ ಟೂ' ಎಂದು ಬರೆದುಬಿಟ್ಟರೆ, ಕನ್ನಡದಲ್ಲಿ ಅದು 'ಇಬ್ಬರಿಗಿಂತ ಹೆಚ್ಚು ಜನ' ಎಂದಾಗುತ್ತದೆ. ಅಂದರೆ ಮೂವರು ಬೇಕು!

ಒಬ್ಬ ಹೆಚ್ಚಾದರೆ ನಷ್ಟವೇನು ಎಂದು ಕೇಳಬಹುದು. ರಾತ್ರಿ ಪಾಳಿಯಲ್ಲಿ ಇರುವವರೇ ಇಬ್ಬರು. ಪಾಲಿಸಲಾಗದ ನಿಯಮವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. 'ಈ ಪುಸ್ತಕ ನಮ್ಮಂಥವರಿಗಲ್ಲ' ಎಂದು ಒಬ್ಬನೇ ಎತ್ತಲು ಹೋದವನು ಸೊಂಟ ನೋಯಿಸಿಕೊಳ್ಳುತ್ತಾನೆ, ಇಲ್ಲವೇ ಚಕ್ ಅನ್ನು ಕಾಲ ಮೇಲೆ ಬೀಳಿಸಿಕೊಳ್ಳುತ್ತಾನೆ.

ಕನ್ನಡವನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ಎಷ್ಟು ಸಲ ತಾಳೆ ನೋಡಿದರೂ ಈ ತಪ್ಪು ಸಿಕ್ಕದು. ಎರಡೂ ಒಂದನ್ನೇ ಹೇಳುತ್ತವೆ, ಏಕೆಂದರೆ ತಪ್ಪು ನಡೆದದ್ದು ಮೊದಲ ಹೆಜ್ಜೆಯಲ್ಲಿ. ಆದ್ದರಿಂದ ಜಪಾನೀ ಮೂಲವನ್ನೂ ತರಿಸಿಕೊಳ್ಳಬೇಕು. ಎಲ್ಲವನ್ನೂ ಓದಿಸಬೇಕಾಗಿಲ್ಲ. ಸಂಖ್ಯೆಗಳಿರುವ ಸಾಲುಗಳಿಗೆ ಗುರುತು ಹಾಕಿ, ಅಷ್ಟನ್ನು ಮಾತ್ರ ಜಪಾನೀ ಬಲ್ಲವರಿಂದ ಕೇಳಿ ತಿಳಿದರೆ ಸಾಕು. ಬಳಿಕ, ಯಂತ್ರದ ವಿದ್ಯುತ್ ತೆಗೆದು, ಕನ್ನಡ ಪ್ರತಿಯನ್ನು ಕೆಲಸಗಾರನ ಕೈಗೇ ಕೊಟ್ಟು, ಓದಿದಂತೆ ಒಂದೊಂದೇ ಹೆಜ್ಜೆ ಮಾಡಿ ತೋರಿಸೆಂದು ಹೇಳಬೇಕು. ಅವನ ಕೈ ಎಲ್ಲಿ ತಡೆಯುತ್ತದೋ ಆ ಸಾಲನ್ನು ಮತ್ತೆ ಬರೆಯಬೇಕು.