ಗದಗ ಸರಿ, ಲಕ್ಷ್ಮೇಶ್ವರ ಹಾಕಿ ನೋಡಿ

ಅಕ್ಷರದ ಗಾತ್ರಕ್ಕೆ ಮತ್ತು ಅಂಚು, ಅಂತರಗಳಿಗೆ ಸಾಲುಸಾಲು ಬ್ರೇಕ್‌ಪಾಯಿಂಟ್ ಬರೆಯುವುದು ಬಿಡಿ, ಸಿಎಸ್‌ಎಸ್‌ನ `clamp()` ಒಂದೇ ಸಾಕು ಅಂತ ನಾನು ಹೇಳಿದ್ದಕ್ಕೆ ಗದಗ-ಬೆಟಗೇರಿಯ ವೆಬ್ ಕೆಲಸದ ಗೆಳೆಯರಿಂದ ತಕರಾರುಗಳು ಬಂದಿವೆ. ಕೆಲವು ಗಟ್ಟಿಯಾಗಿವೆ. ಉತ್ತರಕ್ಕೆ ಒಂದೇ ಮಾದರಿ ಪುಟ ಇಟ್ಟುಕೊಳ್ಳೋಣ: ಕೃಷಿ ಮಾರುಕಟ್ಟೆಯ ದಿನದ ಧಾರಣೆ ತೋರಿಸುವ ಪುಟ. ಕೆಳಗೆ ಹೆಸರು, ಕಡಲೆ, ಶೇಂಗಾ, ಉಳ್ಳಾಗಡ್ಡಿ ದರಗಳ ಪಟ್ಟಿ. ತಲೆಬರಹ, "ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ: ಇಂದಿನ ಧಾರಣೆ".

ಮೊದಲ ತಕರಾರು: "ಫೋನ್, ಟ್ಯಾಬ್, ಕಂಪ್ಯೂಟರ್, ಮೂರು ಅಳತೆ ಇದ್ದರೆ ಮುಗಿಯಿತು. ಹಿಡಿತ ನಮ್ಮ ಕೈಯಲ್ಲೇ ಇರುತ್ತದೆ."

ಹಿಡಿತ ಇರುವುದು ಆ ಮೂರು ಅಗಲಗಳಲ್ಲಿ ಮಾತ್ರ. ತಲೆಬರಹ ಫೋನಿಗೆ 28 ಪಿಕ್ಸೆಲ್, 768ರಿಂದ ಮೇಲೆ 40, ಪಕ್ಕದ ಅಂಚು 16ರಿಂದ 32 ಎಂದು ಬರೆದಿದ್ದೀರಿ ಅನ್ನಿ. ಪರದೆ 767 ಇದ್ದಾಗ ಬರಹಕ್ಕೆ 735 ಪಿಕ್ಸೆಲ್ ಜಾಗ ಸಿಗುತ್ತದೆ. ಪರದೆ ಒಂದೇ ಒಂದು ಪಿಕ್ಸೆಲ್ ಅಗಲವಾದರೆ ಅಕ್ಷರ 12 ಪಿಕ್ಸೆಲ್ ದೊಡ್ಡದಾಗುತ್ತದೆ, ಜಾಗ ಮಾತ್ರ 704ಕ್ಕೆ ಇಳಿಯುತ್ತದೆ. ಒಂದು ಸಾಲಿನಲ್ಲಿ ಕೂತಿದ್ದ ತಲೆಬರಹ, ಪರದೆ ದೊಡ್ಡದಾದದ್ದಕ್ಕೇ ಒಡೆದು ಕೆಳಗಿನ ಸಾಲಿಗೆ ಬೀಳುತ್ತದೆ. ಅದನ್ನು ಸರಿಪಡಿಸಲು ನಾಲ್ಕನೇ ಬ್ರೇಕ್‌ಪಾಯಿಂಟ್ ಬರುತ್ತದೆ, ಆಮೇಲೆ ಐದನೆಯದು. ಕ್ಲ್ಯಾಂಪ್‌ನಲ್ಲಿ 767ರಿಂದ 768ಕ್ಕೆ ಹೋದಾಗ ಅಕ್ಷರ ಬೆಳೆಯುವುದು ಒಂದು ಪಿಕ್ಸೆಲ್‌ನ ಸುಮಾರು ಐವತ್ತನೇ ಒಂದು ಭಾಗದಷ್ಟು; ಕಣ್ಣಿಗೆ ಕಾಣುವುದೇ ಇಲ್ಲ.

ಎರಡನೆಯದು: "`1.2609rem + 2.1739vw` ಅಂದರೆ ಯಾರಿಗೆ ತಿಳಿಯುತ್ತದೆ? ಆರು ತಿಂಗಳ ಮೇಲೆ ಬರೆದವನಿಗೇ ಗೊತ್ತಾಗುವುದಿಲ್ಲ."

ಗೊತ್ತಾಗದಿರುವುದು ಲೆಕ್ಕ ಬಚ್ಚಿಟ್ಟಾಗ. ಲೆಕ್ಕ ಇಷ್ಟೇ: 360 ಅಗಲಕ್ಕೆ 28, 1280 ಅಗಲಕ್ಕೆ 48 ಬೇಕು. ಅಕ್ಷರ 20 ಬೆಳೆಯುವಷ್ಟರಲ್ಲಿ ಪರದೆ 920 ಬೆಳೆಯುತ್ತದೆ. 20ನ್ನು 920ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 2.1739, ಅದೇ `vw` ಪಾಲು. 360 ಅಗಲದಲ್ಲಿ ಆ ಪಾಲು 7.83 ಪಿಕ್ಸೆಲ್ ಕೊಡುತ್ತದೆ. 28ಕ್ಕೆ ಉಳಿದ 20.17 ಪಿಕ್ಸೆಲನ್ನು 16ರಿಂದ ಭಾಗಿಸಿದರೆ `rem` ಪಾಲು. ಅಂಚಿಗೂ ಇದೇ ಲೆಕ್ಕ, 16ರಿಂದ 40.

```css
:root {
  /* 360 -> 1280: 28 -> 48 */
  --h1: clamp(1.75rem, 1.2609rem + 2.1739vw, 3rem);
  /* 360 -> 1280: 16 -> 40 */
  --gap: clamp(1rem, 0.413rem + 2.6087vw, 2.5rem);
}
h1   { font-size: var(--h1); line-height: 1.45; }
main { padding-left: var(--gap); padding-right: var(--gap); }
```

ಮೇಲಿನ ಟಿಪ್ಪಣಿ ಸಾಲು ಬರೆದಿಟ್ಟರೆ ಆರು ತಿಂಗಳಲ್ಲ, ಆರು ವರ್ಷ ಬಿಟ್ಟು ಬಂದವರಿಗೂ ದಾರಿ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಕೂಡಿಸುವ ಚಿಹ್ನೆಯ ಎರಡೂ ಕಡೆ ಜಾಗ ಬಿಡದಿದ್ದರೆ ಇಡೀ ಬೆಲೆ ಅಮಾನ್ಯವಾಗುತ್ತದೆ. ಹೀಗೆ `--h1` ಒಳಗೆ ತಪ್ಪಿದ್ದರೆ ಬ್ರೌಸರ್ ಜಗಳ ತೆಗೆಯುವುದಿಲ್ಲ, ಸುಮ್ಮನೆ ತಾಯಿ ಅಂಶದ ಗಾತ್ರ ಹಾಕಿಬಿಡುತ್ತದೆ. ತಲೆಬರಹ ಪಠ್ಯದಷ್ಟೇ ಸಣ್ಣಗೆ ಕಂಡರೆ ಮೊದಲು ಆ ಜಾಗ ನೋಡಿ.

ಮೂರನೆಯದು ನಮ್ಮ ಲಿಪಿಯ ಮೇಲಿನ ತಕರಾರು: "ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಅಕ್ಷರ ಬೆಳೆದಂತೆ ಒತ್ತು ಕತ್ತರಿಸಿ ಹೋಗುತ್ತದೆ." ಕತ್ತರಿಸುವುದು ನಿಜ. ಆದರೆ ಅಪರಾಧಿ ಕ್ಲ್ಯಾಂಪ್ ಅಲ್ಲ, ಪಿಕ್ಸೆಲ್‌ನಲ್ಲಿ ಬರೆದ ಸಾಲಿನ ಎತ್ತರ. `line-height: 40px` ಅನ್ನುವುದು 28ರ ಅಕ್ಷರಕ್ಕೆ ಒಪ್ಪುತ್ತದೆ. ಅಕ್ಷರ 48 ಆದಾಗಲೂ ಸಾಲು 40ರಲ್ಲೇ ನಿಂತಿರುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂಡುತ್ತದೆ. ಪೆಟ್ಟಿಗೆಗೆ `overflow: hidden` ಬೇರೆ ಇದ್ದರೆ ಕೊನೆಯ ಸಾಲಿನ ಒತ್ತು ಕಾಣೆಯೇ ಆಗಬಹುದು. ಮೇಲಿನ ಕೋಡಿನಲ್ಲಿ 1.45 ಮುಂದೆ ಯಾವ ಅಳತೆಯೂ ಇಲ್ಲದಿರುವುದು ಇದಕ್ಕೇ: ಅಕ್ಷರ ಬೆಳೆದಷ್ಟು ಸಾಲೂ ಬೆಳೆಯುತ್ತದೆ. ಪಠ್ಯಕ್ಕೆ ನಾನು 1.7ರ ಸುತ್ತ ಇಡುತ್ತೇನೆ.

ನಮ್ಮವರಿಗೆ ಇದು ಕಾಣದೇ ಹೋಗುವುದಕ್ಕೂ ಕಾರಣವಿದೆ. ಪರೀಕ್ಷೆಗೆ ಎಲ್ಲರೂ "ಗದಗ" ಅಂತ ಬರೆಯುತ್ತಾರೆ. ಅದರಲ್ಲಿ ಒತ್ತಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ಯಾವ ಸಾಲಿನ ಎತ್ತರಕ್ಕೂ ಹೊಂದುತ್ತದೆ. ಮುಂಡರಗಿಯಲ್ಲಿ ಕೊಂಬು, ಗುಡಿಸು ಇವೆ, ಒತ್ತಿಲ್ಲ. ಶಿರಹಟ್ಟಿಯಲ್ಲಿ ಒಂದು ಒತ್ತು. ಲಕ್ಷ್ಮೇಶ್ವರದಲ್ಲಿ ಒಂದೇ ಅಕ್ಷರಕ್ಕೆ ಷ, ಮ ಎರಡು ಒತ್ತು, ಅದರ ತಲೆಯ ಮೇಲೆ ಎತ್ವ, ಪಕ್ಕದಲ್ಲಿ ದೀರ್ಘ, ಬೆನ್ನಿಗೇ ಶ್ವ. ಅಗಲ, ಎತ್ತರ, ಆಳ ಮೂರನ್ನೂ ಪರೀಕ್ಷಿಸಲು ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಊರಿನ ಹೆಸರು ನನಗಂತೂ ಸಿಕ್ಕಿಲ್ಲ.

ಎಲ್ಲಕ್ಕಿಂತ ತೂಕದ ತಕರಾರು ಕಣ್ಣು ಮಂದವಾದವರ ಪರವಾಗಿ ಬಂದದ್ದು: "ಪರದೆಯ ಅಗಲಕ್ಕೆ ಕಟ್ಟಿದ ಅಕ್ಷರ ಜೂಮ್ ಮಾಡಿದರೂ ದೊಡ್ಡದಾಗುವುದಿಲ್ಲ." ಬರೀ `5vw` ಬರೆದರೆ ಇದು ಅಕ್ಷರಶಃ ಸತ್ಯ. 1280 ಪರದೆಯಲ್ಲಿ ಅದು 64. ಎರಡು ಪಟ್ಟು ಜೂಮ್ ಮಾಡಿದರೆ ಬ್ರೌಸರ್ ಪಾಲಿಗೆ ಪರದೆ 640 ಆಗುತ್ತದೆ, ಅಕ್ಷರ 32ಕ್ಕೆ ಇಳಿಯುತ್ತದೆ, ಜೂಮಿನಿಂದ ಮತ್ತೆ 64. ಓದುವವರು ಎಷ್ಟು ಒತ್ತಿದರೂ ಇದ್ದಲ್ಲೇ ಇರುತ್ತದೆ. ಹಾಗೆ ಬರೆಯುವವರನ್ನು ನಾನೂ ವಿರೋಧಿಸುತ್ತೇನೆ.

ನಮ್ಮ ಸೂತ್ರದಲ್ಲಿ ಏನಾಗುತ್ತದೆ? 200 ಪ್ರತಿಶತ ಜೂಮಿಗೆ 48 ಇದ್ದದ್ದು 68 ಆಗಿ ಕಾಣುತ್ತದೆ, 300ಕ್ಕೆ 88, 400ಕ್ಕೆ 112. ಅಂದರೆ ಎರಡು ಪಟ್ಟು ಜೂಮಿಗೆ ಎರಡು ಪಟ್ಟು ಅಕ್ಷರ ಸಿಗುವುದಿಲ್ಲ, ಇದನ್ನು ಮುಚ್ಚಿಡಲಾರೆ. ಆದರೆ 400ಕ್ಕೆ ತಲುಪುವಷ್ಟರಲ್ಲಿ ಎರಡು ಪಟ್ಟು ದಾಟಿರುತ್ತದೆ. ಡಬ್ಲ್ಯೂಸಿಎಜಿ ಮಾರ್ಗಸೂಚಿಯ 1.4.4 ಕೇಳುವುದು ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಲು ಬರಬೇಕು ಎಂದು. ಗರಿಷ್ಠ ಗಾತ್ರ ಕನಿಷ್ಠದ ಎರಡೂವರೆ ಪಟ್ಟು ಮೀರದಂತೆ ಇಟ್ಟರೆ, 500 ಪ್ರತಿಶತ ಜೂಮ್ ಇರುವ ಬ್ರೌಸರ್‌ನಲ್ಲಿ ಇದು ಸಾಧ್ಯವಾಗುತ್ತದೆ. ನಮ್ಮದು 28ಕ್ಕೆ 48, ಎರಡು ಪಟ್ಟೂ ಇಲ್ಲ. ಪಠ್ಯಕ್ಕೆ ನಾನು ಇನ್ನೂ ಬಿಗಿ: 18ರಿಂದ 22, ಅಷ್ಟೇ.

ಹಳೇ ಫೋನುಗಳ ಮಾತು ಬೇಗ ಮುಗಿಸುತ್ತೇನೆ. ಕ್ರೋಮ್ 79, ಫೈರ್‌ಫಾಕ್ಸ್ 75, ಸಫಾರಿ 13.1ರಿಂದ ಕ್ಲ್ಯಾಂಪ್ ಇದೆ, ಅಂದರೆ 2020ರ ಏಪ್ರಿಲ್ ಹೊತ್ತಿಗೆ ಮೂರರಲ್ಲೂ ಬಂದಿತ್ತು. ಆಂಡ್ರಾಯ್ಡ್ 4.4ಕ್ಕೆ ಸಿಕ್ಕ ಕೊನೆಯ ಕ್ರೋಮ್ 81, ಅದರಲ್ಲೂ ನಡೆಯುತ್ತದೆ. ನಡೆಯದಿರುವುದು ಐಒಎಸ್ 12ರಲ್ಲೇ ನಿಂತ ಐಫೋನ್ 6ರಂಥವುಗಳಲ್ಲಿ. ಅಂಥವರೂ ನಿಮ್ಮ ಓದುಗರಾಗಿದ್ದರೆ `--h1: 1.75rem`, `--gap: 1rem` ಎಂದು ಮೊದಲು ಬರೆದು, ಕ್ಲ್ಯಾಂಪ್ ಸಾಲುಗಳನ್ನು `@supports` ಒಳಗೆ ಇಡಿ.

ಕೊನೆಯದು, "ಹಾಗಾದರೆ ಮೀಡಿಯಾ ಕ್ವೆರಿ ಬಿಟ್ಟೇಬಿಡಬೇಕಾ?" ನಾನು ಹೇಳದ ಮಾತಿಗೆ ಈ ಪ್ರಶ್ನೆ. ಧಾರಣೆ ಪಟ್ಟಿ ಒಂದು ಕಾಲಮ್‌ನಿಂದ ಎರಡಾಗುವ ಕಡೆ ಬ್ರೇಕ್‌ಪಾಯಿಂಟ್ ಬೇಕೇ ಬೇಕು; ಅದು ವಿನ್ಯಾಸದ ತಿರುವು, ಗಾತ್ರದ ಬೆಳವಣಿಗೆಯಲ್ಲ. ಅಲ್ಲಿ ಕ್ಲ್ಯಾಂಪ್‌ಗೂ ಒಂದು ತೊಡಕಿದೆ: ಎರಡು ಕಾಲಮ್ ಆದೊಡನೆ ಪ್ರತಿ ಕಾಲಮ್ ಕಿರಿದಾಗುತ್ತದೆ, `vw` ಮಾತ್ರ ಇಡೀ ಪರದೆಯನ್ನೇ ಅಳೆಯುತ್ತಿರುತ್ತದೆ. ಕಾಲಮ್ ಒಳಗಿನ ಶೀರ್ಷಿಕೆಗೆ ಅದರ ಬದಲು `cqi` ಬಳಸಿ, ಕಾಲಮ್‌ಗೆ `container-type: inline-size` ಕೊಡಿ. ಫೈರ್‌ಫಾಕ್ಸ್ 110 ಬಂದ 2023ರ ಫೆಬ್ರುವರಿಯಿಂದ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಇದು ನಡೆಯುತ್ತಿದೆ.

ಇನ್ನೂ ಒಪ್ಪದವರಲ್ಲಿ ಒಂದು ಕೋರಿಕೆ. ನಿಮ್ಮದೇ ಪುಟದ ತಲೆಬರಹದಲ್ಲಿ ಲಕ್ಷ್ಮೇಶ್ವರ ಅಂತ ಎರಡು ಸಲ ಬರೆಯಿರಿ. ಕಿಟಕಿಯನ್ನು 320ರಿಂದ 1400ರವರೆಗೆ ನಿಧಾನ ಎಳೆಯಿರಿ, ಆಮೇಲೆ 400 ಪ್ರತಿಶತ ಜೂಮ್ ಮಾಡಿ ನೋಡಿ. ಎಲ್ಲೂ ಒಡೆಯದಿದ್ದರೆ ನಿಮ್ಮ ಬ್ರೇಕ್‌ಪಾಯಿಂಟ್‌ಗಳನ್ನು ಹಾಗೇ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ.