ಚಿಕ್ಕಮ್ಮನ ಬಾಂಡಿನಲ್ಲಿ ಕಡಿಮೆಯಾದ 13,785 ರೂಪಾಯಿ

ನಮ್ಮ ಬ್ಯಾಂಕಿನ ವಲಯ ಕಚೇರಿಯ ಮಹಾಪ್ರಬಂಧಕರಿಗೆ,

ಮಾನ್ಯರೇ,

ನಾನು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಊರಿನ ಹಿರಿಯರು ಪಾಸ್‌ಬುಕ್ಕು, ಠೇವಣಿ ರಸೀದಿ ಹಿಡಿದು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ಅವರಲ್ಲಿ ಬಹಳ ಜನ ಕೇಳುವುದು ಒಂದೇ ಪ್ರಶ್ನೆ: "ನನಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ, ಬ್ಯಾಂಕಿನವರು ದುಡ್ಡು ಯಾಕೆ ಹಿಡಿದುಕೊಂಡರು?" ಈ ವರ್ಷ ಆ ಪ್ರಶ್ನೆ ನನ್ನ ಚಿಕ್ಕಮ್ಮನಿಂದಲೇ ಬಂತು. ತಮ್ಮ ಸುಪರ್ದಿನ ಶಾಖೆಯೊಂದರಲ್ಲಿ ನಡೆದದ್ದನ್ನು ಲೆಕ್ಕಸಮೇತ ತಮ್ಮ ಮುಂದಿಡುತ್ತಿದ್ದೇನೆ. ಶಾಖೆಯ ಹೆಸರು ಬರೆಯುವುದಿಲ್ಲ. ಇದು ಒಬ್ಬ ಗುಮಾಸ್ತರ ತಪ್ಪು ಎಂದು ನನಗೆ ಅನ್ನಿಸಿಲ್ಲ.

ಚಿಕ್ಕಮ್ಮನಿಗೆ ಈಗ 68 ವರ್ಷ. ಚಿಕ್ಕಪ್ಪ ತೀರಿಕೊಂಡ ಮೇಲೆ ತಿಂಗಳಿಗೆ 12,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ. ಚಿಕ್ಕಪ್ಪನ ನಿವೃತ್ತಿಯ ಹಣದಲ್ಲಿ ಉಳಿದಿದ್ದ 10 ಲಕ್ಷವನ್ನು 2022ರ ಏಪ್ರಿಲ್ ಮೊದಲ ವಾರ ಮೂರು ವರ್ಷಕ್ಕೆ ಶೇ 6ರ ಬಡ್ಡಿಗೆ ಇಟ್ಟರು. ಬಡ್ಡಿ ಕೈಗೆ ಬೇಡ, ಅಸಲಿಗೆ ಸೇರುತ್ತ ಹೋಗಲಿ ಎಂದರು. ಮೂರು ವರ್ಷಕ್ಕೆ 11,95,618 ರೂಪಾಯಿ ಆಗುತ್ತದೆಂದು ಬಾಂಡಿನಲ್ಲಿ ಅಚ್ಚಾಗಿತ್ತು. ಅದೇ ದಿನ ಕೌಂಟರಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಇದು 15ಎಚ್ ಫಾರಂ, ಇನ್ನು ಟ್ಯಾಕ್ಸ್ ಹಿಡಿಯುವುದಿಲ್ಲ ಅಮ್ಮಾ" ಎಂದರಂತೆ. ಆ ಮಾತನ್ನು ನಂಬಿ ಅವರು ಬಾಂಡನ್ನು ಟ್ರಂಕಿನಲ್ಲಿಟ್ಟರು.

ಕೌಂಟರಿನಲ್ಲಿ ಹೇಳದೆ ಉಳಿದದ್ದು ಒಂದೇ ಮಾತು. ಆ ಫಾರಂಗೆ ಒಂದು ಹಣಕಾಸು ವರ್ಷದ ಆಯುಸ್ಸು ಮಾತ್ರ. ಠೇವಣಿ ಮೂರು ವರ್ಷದ್ದಾದರೂ ಫಾರಂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಬೇಕು.

ಮೊದಲ ವರ್ಷ ಫಾರಂ ಕೆಲಸ ಮಾಡಿತು. 61,364 ರೂಪಾಯಿ ಬಡ್ಡಿ ಪೂರ್ತಿ ಅಸಲಿಗೆ ಸೇರಿತು. ಎರಡನೆಯ ವರ್ಷ ಬಡ್ಡಿ 65,129. ಆಗ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ರೂಪಾಯಿವರೆಗಿನ ಬಡ್ಡಿಗೆ ಕಡಿತವಿರಲಿಲ್ಲ. ಅದನ್ನು ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಇಡೀ ಬಡ್ಡಿಗೆ ಶೇ 10 ಹಿಡಿಯಬೇಕು. ಹೀಗೆ 6,513 ರೂಪಾಯಿ ಹೋಯಿತು. ಹಿಡಿದದ್ದು ಠೇವಣಿಯೊಳಗಿಂದಲೇ ಆದ್ದರಿಂದ ಮೂರನೆಯ ವರ್ಷದ ಬಡ್ಡಿ ಹುಟ್ಟಿದ್ದು ಕಡಿಮೆಯಾದ ಅಸಲಿನ ಮೇಲೆ: 68,726. ಅದರಲ್ಲಿ ಮತ್ತೆ 6,873 ಹೋಯಿತು. 2025ರ ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಕೈಗೆ ಬಂದದ್ದು 11,81,833. ಬಾಂಡಿನ ಅಂಕಿಗಿಂತ 13,785 ಕಡಿಮೆ. ಅದರಲ್ಲಿ 13,386 ತೆರಿಗೆ ಕಡಿತ; ಉಳಿದ 400 ರೂಪಾಯಿಯಷ್ಟು, ಹಿಡಿದ ಹಣ ಅಲ್ಲೇ ಇದ್ದಿದ್ದರೆ ದುಡಿಯುತ್ತಿದ್ದ ಬಡ್ಡಿ. (ತ್ರೈಮಾಸಿಕ ಕಡಿತವನ್ನು ವರ್ಷಕ್ಕೊಮ್ಮೆ ಎಂದು ಹಿಡಿದು ಲೆಕ್ಕ ಹಾಕಿದ್ದೇನೆ, ತಮ್ಮ ಕಂಪ್ಯೂಟರಿನ ಲೆಕ್ಕ ಕೆಲವು ರೂಪಾಯಿ ಆಚೀಚೆ ಇದ್ದೀತು.)

ಆ ಎರಡೂ ವರ್ಷ ಪಿಂಚಣಿ, ಬಡ್ಡಿ ಎಲ್ಲ ಕೂಡಿಸಿದರೂ ಅವರ ಆದಾಯ ಎರಡು ಲಕ್ಷದ ಹತ್ತು, ಹದಿನೈದು ಸಾವಿರವನ್ನು ಮೀರಿಲ್ಲ. ಅವರು ಸರ್ಕಾರಕ್ಕೆ ಕೊಡಬೇಕಾಗಿದ್ದ ತೆರಿಗೆ ಸೊನ್ನೆ.

ತಿಂಗಳ ಬಡ್ಡಿ ತೆಗೆದುಕೊಳ್ಳುವವರಿಗೆ ಕಡಿತವಾದ ತಿಂಗಳೇ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಅವರು ಓಡಿ ಬಂದು ಕೇಳುತ್ತಾರೆ. ಬಡ್ಡಿ ಅಸಲಿಗೆ ಸೇರುವ ಠೇವಣಿಯಲ್ಲಿ ಹಾಗಿಲ್ಲ. ಬಡ್ಡಿ ಕೈಗೆ ಬರದಿದ್ದರೂ ಲೆಕ್ಕದಲ್ಲಿ ಜಮೆಯಾಗುತ್ತದೆ, ಆ ಜಮೆಯ ಮೇಲೆ ಕಡಿತವಾಗುತ್ತದೆ, ಪಾಸ್‌ಬುಕ್ಕಿನಲ್ಲಿ ಒಂದು ಸಾಲೂ ಬೀಳುವುದಿಲ್ಲ. ಗೊತ್ತಾಗಬೇಕಾದರೆ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ತಮ್ಮ ಪ್ಯಾನ್ ಸಂಖ್ಯೆಯ 26ಎಎಸ್ ಪಟ್ಟಿ ತೆರೆದು ನೋಡಬೇಕು. ಚಿಕ್ಕಮ್ಮನಿಗೆ ಆ ಪಟ್ಟಿಯ ಹೆಸರೇ ಗೊತ್ತಿರಲಿಲ್ಲ. ಅವರ ಬ್ಯಾಂಕ್ ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಚಿಕ್ಕಪ್ಪನದ್ದು. ಅದು ಯಾವತ್ತೋ ನಿಂತುಹೋಗಿತ್ತು.

ಕೇಳಲು ಹೋದಾಗ ಶಾಖೆಯಲ್ಲಿ ಸಿಕ್ಕ ಉತ್ತರ, "ರಿಟರ್ನ್ಸ್ ಫೈಲ್ ಮಾಡಿ, ವಾಪಸ್ ಬರುತ್ತೆ." ಅರ್ಧ ಮಾತ್ರ ನಿಜವಾದ ಉತ್ತರ ಇದು. 2024-25ರ ಕಡಿತಕ್ಕೆ ನಾನೇ ಜುಲೈಯಲ್ಲಿ ಅವರ ರಿಟರ್ನ್ಸ್ ಸಲ್ಲಿಸಿದೆ. ಮೊದಲು ಆಧಾರ್‌ಗೆ ಹೊಸ ಮೊಬೈಲ್ ಸಂಖ್ಯೆ ಸೇರಿಸಬೇಕಾಯಿತು, ಆಮೇಲೆ ತಾಣದಲ್ಲಿ ಬ್ಯಾಂಕ್ ಖಾತೆಯನ್ನು ದೃಢೀಕರಿಸಬೇಕಾಯಿತು. 6,873 ರೂಪಾಯಿ ಆಗಸ್ಟ್‌ನಲ್ಲಿ ಖಾತೆಗೆ ಬಂತು. 2023-24ರ 6,513ಕ್ಕೆ ಆ ದಾರಿ ಮುಚ್ಚಿದೆ. ಆ ವರ್ಷದ ತಡವಾದ ರಿಟರ್ನ್ಸ್ ಸಲ್ಲಿಸುವ ಗಡುವು ಬಾಂಡ್ ಮಾಗುವ ಮೊದಲೇ, ಈ ವರ್ಷದ ಜನವರಿಯಲ್ಲೇ, ಮುಗಿದುಹೋಗಿದೆ. ಆಮೇಲೆ ಸಲ್ಲಿಸಬಹುದಾದ 'ಅಪ್‌ಡೇಟೆಡ್' ರಿಟರ್ನ್ಸ್‌ನಲ್ಲಿ ಮರುಪಾವತಿ ಕೇಳಲು ಅವಕಾಶವಿಲ್ಲ. ಉಳಿದಿರುವುದು ವಿಳಂಬವನ್ನು ಮನ್ನಿಸಿರೆಂದು ಇಲಾಖೆಗೆ ಅರ್ಜಿ ಹಾಕುವುದೊಂದೇ. ಅದಕ್ಕೆ ಐದು ವರ್ಷದ ಕಾಲಾವಕಾಶವಿದೆ, ಆದರೆ ತಡವಾಗಲು ತಕ್ಕ ಕಾರಣವಿತ್ತೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಅರ್ಜಿ ಹಾಕಿದ್ದೇವೆ. ಏಪ್ರಿಲ್ 2023ರಲ್ಲಿ ಎರಡು ನಿಮಿಷದಲ್ಲಿ ತುಂಬಬಹುದಾಗಿದ್ದ ಒಂದು ಫಾರಂನ ಬದಲಿಗೆ ಇಷ್ಟೆಲ್ಲ.

ಚಿಕ್ಕಮ್ಮನ ವಿಷಯ ಹೀಗಾದರೆ, ನನ್ನ ಹಳೆಯ ಸಹೋದ್ಯೋಗಿಯೊಬ್ಬರದ್ದು ಇನ್ನೊಂದು ಬಗೆ. ಅವರು ಈ ಏಪ್ರಿಲ್‌ನಲ್ಲಿ ತಾವಾಗಿಯೇ 15ಎಚ್ ತುಂಬಿ ತಂದರು. ಪಿಂಚಣಿ ವರ್ಷಕ್ಕೆ 6 ಲಕ್ಷ, ಬಡ್ಡಿ 1 ಲಕ್ಷದ 80 ಸಾವಿರ. "ನಾಲ್ಕು ಲಕ್ಷ ದಾಟಿದೆ, ನಿಮ್ಮದು ತೆಗೆದುಕೊಳ್ಳಲು ಬರುವುದಿಲ್ಲ" ಎಂದು ಕೌಂಟರಿನಲ್ಲಿ ಫಾರಂ ವಾಪಸು ಕೊಟ್ಟರು. ಇದು ತಪ್ಪು ತಿಳಿವಳಿಕೆ. 15ಎಚ್ ಕೇಳುವುದು ಆದಾಯ ಮೂಲ ವಿನಾಯಿತಿಯ ಮಿತಿಯೊಳಗಿದೆಯೇ ಎಂದಲ್ಲ, ಆ ವರ್ಷ ಕಟ್ಟಬೇಕಾದ ತೆರಿಗೆ ಸೊನ್ನೆಯೇ ಎಂದು. ಹೊಸ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿದು ಫಾರಂ ಸ್ವೀಕರಿಸಬಹುದೆಂದು 2019ರಲ್ಲೇ ಫಾರಂನ ಟಿಪ್ಪಣಿಯಲ್ಲಿ ಸೇರಿಸಿದ್ದಾರೆ. ಈ ವರ್ಷದಿಂದ ಹಿರಿಯರಿಗೆ ಕಡಿತವಿಲ್ಲದ ಬಡ್ಡಿಯ ಮಿತಿ 1 ಲಕ್ಷಕ್ಕೆ ಏರಿದ್ದರೂ ಅವರ ಬಡ್ಡಿ ಅದನ್ನು ದಾಟುತ್ತದೆ. ವರ್ಷಕ್ಕೆ 18,000 ರೂಪಾಯಿ ಸುಮ್ಮನೆ ಹೋಗಿ, ಮುಂದಿನ ವರ್ಷ ತಿರುಗಿ ಬರಬೇಕು.

ಅರವತ್ತು ತುಂಬದವರ 15ಜಿ ಫಾರಂನಲ್ಲಿ ಮಾತ್ರ ಇನ್ನೊಂದು ಷರತ್ತಿದೆ. ತೆರಿಗೆ ಸೊನ್ನೆಯಾದರೆ ಸಾಲದು, ಆ ವರ್ಷದ ಒಟ್ಟು ಬಡ್ಡಿ ಆದಾಯವೂ ಮೂಲ ವಿನಾಯಿತಿಯ ಮಿತಿಯನ್ನು ಮೀರಬಾರದು. ಎರಡು ಫಾರಂಗಳ ಈ ವ್ಯತ್ಯಾಸ ಕೌಂಟರಿನಲ್ಲಿ ಕಲಸಿಹೋಗಿದೆ ಎಂದು ನನ್ನ ಅಂದಾಜು.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ, ಅದು ನನಗೆ ಹೆಚ್ಚು ಕಳವಳದ ವಿಷಯ. ಠೇವಣಿ ತರುವ ಉತ್ಸಾಹದಲ್ಲಿ ಕೆಲವು ಸಿಬ್ಬಂದಿ ತೆರಿಗೆ ಕಟ್ಟಬೇಕಾದ ಸಂಬಳದಾರರಿಂದಲೂ, "ಇಲ್ಲೊಂದು ಸಹಿ ಹಾಕಿ ಸಾರ್, ಕಟ್ಟಿಂಗ್ ಆಗಲ್ಲ" ಎಂದು ಖಾಲಿ 15ಜಿಗೆ ಸಹಿ ಪಡೆಯುತ್ತಾರೆ. ಅಂದಾಜು ಆದಾಯದ ಕಲಮನ್ನು ಆಮೇಲೆ ತಾವೇ ತುಂಬುತ್ತಾರೆ. ಫಾರಂ ಕೊಟ್ಟರೆ ಕಡಿತ ನಿಲ್ಲುತ್ತದೆ, ತೆರಿಗೆ ಮಾಫಿಯಾಗುವುದಿಲ್ಲ. ಅದು ಗ್ರಾಹಕ ಸಹಿ ಮಾಡಿ ಕೊಡುವ ಘೋಷಣೆ. ಗೊತ್ತಿದ್ದೂ ಸುಳ್ಳು ಹೇಳಿದರೆ 277ನೇ ಕಲಮಿನಡಿ ಜೈಲು ಶಿಕ್ಷೆಯವರೆಗೂ ಹೋಗಬಹುದು. ಸಹಿ ಹಾಕಿಸಿಕೊಂಡವರ ಹೆಸರು ಅಲ್ಲಿ ಎಲ್ಲಿಯೂ ಇರುವುದಿಲ್ಲ.

ತಮ್ಮಿಂದ ನಾನು ಕೇಳುವುದಕ್ಕೆ ಕಾನೂನು ಬದಲಾಗಬೇಕಿಲ್ಲ. ಬಡ್ಡಿ ಅಸಲಿಗೆ ಸೇರುವ ಠೇವಣಿಯ ಬಾಂಡಿನ ಮೇಲೆ, ಮಾಗುವ ಮೊತ್ತದ ಪಕ್ಕದಲ್ಲೇ, ಕಡಿತವಾದರೆ ಇದು ಕಡಿಮೆಯಾಗುತ್ತದೆ, ಫಾರಂ ಪ್ರತಿ ಏಪ್ರಿಲ್‌ನಲ್ಲಿ ಕೊಡಬೇಕು ಎಂಬ ಎರಡು ಸಾಲು ಕನ್ನಡದಲ್ಲಿ ಅಚ್ಚಾಗಲಿ. ಕಡಿತವಾದ ದಿನವೇ ಗ್ರಾಹಕರಿಗೆ ಕನ್ನಡದಲ್ಲಿ ಸಂದೇಶ ಹೋಗಲಿ. ಹಿಡಿದ ತೆರಿಗೆಯನ್ನು ಬ್ಯಾಂಕು ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು, ಮಾರ್ಚಿನದ್ದನ್ನು ಏಪ್ರಿಲ್ 30ರೊಳಗೆ. ಅದಕ್ಕೂ ಮೊದಲು ಗ್ರಾಹಕರು ಬಂದು, ಕೊಟ್ಟಿದ್ದ ಫಾರಂ ದಾಖಲಾಗಿಲ್ಲ ಎಂದು ತೋರಿಸಿದರೆ ಶಾಖೆಗೆ ಸರಿಪಡಿಸಲು ಅವಕಾಶವಾದರೂ ಇರುತ್ತದೆ. ಒಮ್ಮೆ ಸರ್ಕಾರಕ್ಕೆ ಹೋದ ಹಣ ರಿಟರ್ನ್ಸ್ ಇಲ್ಲದೆ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ವೀಕೃತಿ. ಬಂದ ಪ್ರತಿಯೊಂದು 15ಜಿ, 15ಎಚ್ ಫಾರಂಗೂ ಬ್ಯಾಂಕು ಒಂದು ವಿಶಿಷ್ಟ ಸಂಖ್ಯೆ ಕೊಟ್ಟು ಇಲಾಖೆಗೆ ವರದಿ ಮಾಡಲೇಬೇಕು. ಆ ಸಂಖ್ಯೆ ಹುಟ್ಟಿದ್ದರೆ ಫಾರಂ ಕಂಪ್ಯೂಟರಿಗೆ ಸೇರಿದೆ ಎಂದರ್ಥ. ಹುಟ್ಟದಿದ್ದರೆ ಅದು ಇನ್ನೂ ಯಾರದೋ ಮೇಜಿನ ಖಾನೆಯಲ್ಲಿದೆ. ಇದೊಂದು ಸಂಖ್ಯೆಯನ್ನು ಮೊಹರು ಹಾಕಿದ ಚೀಟಿಯಲ್ಲಿ ಗ್ರಾಹಕರ ಕೈಗಿಟ್ಟರೆ, "ನಾವು ಕೊಟ್ಟಿದ್ದೆವು", "ನಮಗೆ ಬಂದೇ ಇಲ್ಲ" ಎಂಬ ವಾದವೇ ಹುಟ್ಟುವುದಿಲ್ಲ. ಅದೇ ಹೊತ್ತಿನಲ್ಲಿ ಪ್ಯಾನ್ ಚಾಲ್ತಿಯಲ್ಲಿದೆಯೇ ಎಂದೂ ನೋಡಲಿ. ಪ್ಯಾನ್ ಇಲ್ಲದ ಫಾರಂ ಊರ್ಜಿತವಲ್ಲ, ಅಂಥವರಿಗೆ ಕಡಿತ ಶೇ 10 ಅಲ್ಲ, 20. ಆಧಾರ್ ಜೋಡಿಸದೆ ನಿಷ್ಕ್ರಿಯವಾದ ಪ್ಯಾನ್ ಇರುವವರ ಪಾಡೂ ಇದೇ.

ಮುಂದಿನ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತಿದೆ. ಕಲಮುಗಳ ಸಂಖ್ಯೆ ಬದಲಾಗುತ್ತದೆ, ಫಾರಂನ ಹೆಸರೂ ಬದಲಾದೀತು. ಹಳೆಯ ಹೆಸರು ಹೇಳಿಕೊಂಡು ಬರುವ ಹಿರಿಯರನ್ನು "ಅದು ಈಗಿಲ್ಲ" ಎಂದು ಹಿಂದಕ್ಕೆ ಕಳುಹಿಸದಂತೆ ಮಾರ್ಚ್ ತಿಂಗಳಲ್ಲೇ ಪ್ರತಿ ಶಾಖೆಗೆ ಸುತ್ತೋಲೆ ಹೋಗಲಿ. ಚಿಕ್ಕಮ್ಮ ಏಪ್ರಿಲ್ ಮೊದಲ ವಾರ ಬರುತ್ತಾರೆ. ಈ ಸಲ ಅವರು ಸಂಖ್ಯೆ ಬರೆದ ಚೀಟಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲುವುದಿಲ್ಲ ಎಂದಿದ್ದಾರೆ. ನಾನೂ ಜೊತೆಗಿರುತ್ತೇನೆ.

ತಮ್ಮ ವಿಶ್ವಾಸಿ,
ಮೂವತ್ತು ವರ್ಷಗಳ ಹಳೆಯ ಗ್ರಾಹಕ

ನವೆಂಬರ್ 2025